ತಂಬಾಕದ ಎಲಿ, ಅಳಿಯನ ನೌಕರಿ ಮತ್ತ ನನ್ನ ವಹಿಯ ಲೆಕ್ಕ

ಈ ವಾರ ಕಬ್ಬಿನ ಸುದ್ದಿ ಇಲ್ಲ, ಅರಿಷಿಣದ ಸುದ್ದಿನೂ ಇಲ್ಲ. ಹೋದ ರವಿವಾರ ನಮ್ಮ ಅಕ್ಕನ ಮಗ ಅಲಖನೂರಕ್ಕ ಬಂದಿದ್ದ. ಬಿ.ಎಸ್ಸಿ. ಅಗ್ರಿ ಮುಗಿಸಿದ ಹುಡುಗ. ಊಟ ಆದಮ್ಯಾಲ ಬೇವಿನ ಗಿಡದ ಕೆಳಗ ಕುಂತು, ಬಾಳ ಹೊತ್ತು ಮೊಬೈಲ್ ತಿರುವ್ಯಾಡಿ ಕಡೀಗೆ ಕೇಳಿದ: "ಮಾಮಾ, ಎರಡು ನೌಕರಿ ಬಂದಾವು. ಒಂದು ತಂಬಾಕು ಖರೀದಿ ಮಾಡೋ ಕಂಪನಿದು. ಹಳ್ಳಿ ಹಳ್ಳಿ ತಿರುಗಿ ರೈತರಿಗೆ ಬೀಜ, ಗೊಬ್ಬರ, ಸಲಹೆ ಕೊಡೋದು, ಎಲಿ ಹೆಚ್ಚಿಗೆ ಬರೋ ಹಂಗ ನೋಡಕೊಳ್ಳೋದು. ತಿಂಗಳಿಗೆ 42 ಸಾವಿರ. ಇನ್ನೊಂದು ರೈತ ಉತ್ಪಾದಕ ಸಂಘದ್ದು, 22 ಸಾವಿರ. ನೀವು ತಂಬಾಕು ಮಾಡಿ ಬಿಟ್ಟವರು. ನೀವ ಹೇಳ್ರಿ."

ನಾನು ತಟ್ಟನೆ "ಬ್ಯಾಡ" ಅನ್ನಲಿಲ್ಲ. ಹಂಗ ಅನ್ನೋ ಹಕ್ಕು ನನಗ ಇಲ್ಲ ಅನಿಸಿತು. ಆರು ವರ್ಷ ಅದರದ ರೊಕ್ಕ ಉಂಡಿದ್ದೇನೆ. ಒಳಗೆ ಹೋಗಿ ಹಳೇ ವಹಿ ತಂದು ಅವನ ಮುಂದೆ ಬಿಚ್ಚಿದೆ. ಅವನಿಗೆ ತೋರಿಸಿದ್ದನ್ನೇ ಇಲ್ಲಿ ಬರೆಯುತ್ತೇನೆ. ಯಾಕಂದರೆ ಮನಸ್ಸಿಗೆ ಒಪ್ಪದ ಆದರೆ ಕೈತುಂಬ ರೊಕ್ಕ ಕೊಡೋ ಕೆಲಸದ ಬಗ್ಗೆ ನಾವು ಭಾಷಣ ಬಾಳ ಮಾಡತೀವಿ, ಲೆಕ್ಕ ಮಾತ್ರ ಮಾಡೂದಿಲ್ಲ.

ಹೊಸಬರಿಗೆ ಒಂದು ಮಾತು. ಅಲಖನೂರದಾಗ ನಮ್ಮದು ಕಬ್ಬು, ಗೋವಿನಜೋಳ. ತಂಬಾಕು ಮಾಡಿದ್ದು ಇಲ್ಲಲ್ಲ, ನಿಪ್ಪಾಣಿ ಕಡೆ, ನಮ್ಮ ಅತ್ತೆಯವರ ನಾಲ್ಕು ಎಕರೆಯಲ್ಲಿ. ಮಾವ ತೀರಿಕೊಂಡ ಮೇಲೆ ಗಂಡುಮಕ್ಕಳಿಲ್ಲದ ಮನೆ ಅಂತ ಆ ಹೊಲದ ಜವಾಬ್ದಾರಿ ನನ್ನ ಮೇಲೆ ಬಂತು. ಹಂಗಾಮಿನಲ್ಲಿ ಹೆಂಡತಿ ಅಲ್ಲೇ ಇರುತ್ತಿದ್ದಳು, ನಾನು ವಾರಕ್ಕೆ ಎರಡು ಮೂರು ಸಲ ಓಡಾಡುತ್ತಿದ್ದೆ. ಕಪ್ಪು ಮಣ್ಣು, ಮಳೆ ಆಧಾರ. ಆ ಸೀಮೆಯಲ್ಲಿ ಅಂಥ ಹೊಲದಲ್ಲಿ ಬೀಡಿ ತಂಬಾಕು ಹಚ್ಚುವುದು ಯಾರೂ ಯೋಚಿಸಿ ಮಾಡುವ ತೀರ್ಮಾನವಲ್ಲ. ಅಜ್ಜ ಹಚ್ಚಿದ, ಅಪ್ಪ ಹಚ್ಚಿದ, ನಾವೂ ಹಚ್ಚುತ್ತೇವೆ.

ಈ ಪೀಕನ್ನು ಬೈಯುವವರು ಒಂದು ತಿಳಿದಿರಬೇಕು. ಮೈಸೂರು ಕಡೆಯ ಸಿಗರೇಟಿನ ತಂಬಾಕಿಗೆ ತಂಬಾಕು ಮಂಡಳಿ ಇದೆ, ಲೈಸೆನ್ಸ್ ಇದೆ, ಹರಾಜು ಕಟ್ಟೆ ಇದೆ. ನಮ್ಮ ಬೀಡಿ ತಂಬಾಕಿಗೆ ಅದು ಯಾವುದೂ ಇಲ್ಲ. ವ್ಯಾಪಾರಿ ಬಂದು ಎಲೆ ತಿಕ್ಕಿ ನೋಡಿ, ಮೂಸಿ ನೋಡಿ ಹೇಳಿದ್ದೇ ದರ. ಅದಕ್ಕೇ 1981ರಲ್ಲಿ ಶರದ್ ಜೋಶಿಯವರ ಮುಂದಾಳುತನದಲ್ಲಿ ನಿಪ್ಪಾಣಿಯ ರೈತರು ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಕುಳಿತರು, ಪೊಲೀಸರ ಗೋಲಿಬಾರಿನಲ್ಲಿ ರೈತರು ಜೀವ ಕಳೆದುಕೊಂಡರು. ಆ ಎಲೆಯ ದರಕ್ಕಾಗಿ ಸತ್ತವರಿದ್ದಾರೆ. ಅದನ್ನು ಬೆಳೆಯುವವರು ಕೆಟ್ಟವರು ಅಂತ ನಾನು ಯಾವತ್ತೂ ಬರೆಯುವುದಿಲ್ಲ.

ಹಾಗಾದರೆ ನಾನ್ಯಾಕೆ ಬಿಟ್ಟೆ?

ಬೀಡಿ ಸೇದುವವರ ಕೆಮ್ಮು ನೋಡಿ ಬಿಟ್ಟೆ ಅಂದರೆ ಸುಳ್ಳಾಗುತ್ತದೆ. ಆ ಕೆಮ್ಮು ಮೊದಲಿನಿಂದಲೂ ಕೇಳಿಸುತ್ತಿತ್ತು, ನಾನು ಕಿವಿ ಮುಚ್ಚಿಕೊಂಡಿದ್ದೆ. ಕಿವಿ ತೆರೆಸಿದ್ದು ನನ್ನ ಹೆಂಡತಿಯ ವಾಂತಿ.

ತಂಬಾಕು ಮಾಡದವರಿಗೆ ಕೆಲಸದ ಕ್ರಮ ಹೇಳುತ್ತೇನೆ. ಬೀಜ ಎಷ್ಟು ಸಣ್ಣದು ಅಂದರೆ ಒಂದು ಗ್ರಾಮಿಗೆ ಹತ್ತು ಸಾವಿರಕ್ಕೂ ಮಿಕ್ಕಿ ಕಾಳು. ಮಡಿಯಲ್ಲಿ ಸಸಿ ಮಾಡಿ ಆಗಸ್ಟಿನಲ್ಲಿ ಹೊಲಕ್ಕೆ ಹಚ್ಚುತ್ತೇವೆ. ಗಿಡ ಹೂವಿಗೆ ಬರುವಾಗ ತುದಿ ಚಿವುಟಬೇಕು, ಇಲ್ಲದಿದ್ದರೆ ಎಲೆ ದಪ್ಪ ಆಗುವುದಿಲ್ಲ. ತುದಿ ಚಿವುಟಿದ ಮೇಲೆ ಎಲೆಯ ಬುಡದಿಂದ ಬಗಲ ಕುಡಿಗಳು ಏಳುತ್ತವೆ. ಅವನ್ನು ಎಂಟು ಹತ್ತು ದಿನಕ್ಕೊಮ್ಮೆ ಕೈಯಿಂದ ಮುರಿಯುತ್ತಲೇ ಇರಬೇಕು. ಎಲೆ ಮೇಲೆ ಕಂದು ಚುಕ್ಕೆ ಬಿದ್ದು ಮಾಗಿದಾಗ ಕೊಯ್ದು ಬಿಸಿಲಿಗೆ ಒಣಗಿಸುವುದು. ಇದರಲ್ಲಿ ಕುಡಿ ಮುರಿಯುವ ಕೆಲಸ ಪೂರಾ ಹೆಣ್ಣುಮಕ್ಕಳದು. ಬೆಳಿಗ್ಗೆ ತಂಪು ಹೊತ್ತಿನಲ್ಲಿ ಹೋಗುತ್ತಾರೆ. ಆ ಹೊತ್ತಿಗೆ ಎಲೆ ತುಂಬ ಇಬ್ಬನಿ.

ತೊಂದರೆ ಇರುವುದು ಆ ಇಬ್ಬನಿಯಲ್ಲೇ. ಎಲೆಯ ನಿಕೋಟಿನ್ ನೀರಿನಲ್ಲಿ ಕರಗುತ್ತದೆ. ತೊಯ್ದ ಎಲೆಗಳ ನಡುವೆ ನಡೆದರೆ ಸೀರೆ, ರವಿಕೆ, ಕೈ ಎಲ್ಲ ತೊಯ್ದು, ಆ ನೀರು ಚರ್ಮದೊಳಗೆ ಇಳಿಯುತ್ತದೆ. ಕೆಲವು ತಾಸಿನಲ್ಲೇ ಹೊಟ್ಟೆ ತೊಳಸುತ್ತದೆ, ತಲೆ ತಿರುಗುತ್ತದೆ, ವಾಂತಿ ಆಗುತ್ತದೆ, ಮುಖ ಬಿಳಚಿಕೊಳ್ಳುತ್ತದೆ. ಒಂದೆರಡು ದಿನದಲ್ಲಿ ತಾನೇ ಇಳಿಯುತ್ತದೆ. ಹಸಿ ತಂಬಾಕಿನ ಕಾಯಿಲೆ ಅಂತ ಇದು ಜಗತ್ತಿನಲ್ಲಿ ತಂಬಾಕು ಬೆಳೆಯುವ ಕಡೆಯೆಲ್ಲ ಗೊತ್ತಿರುವ ಸಂಗತಿ. ನಮ್ಮಲ್ಲಿ ಅದಕ್ಕೆ "ಪಿತ್ತ ಆಗೇತಿ" ಅನ್ನುತ್ತಿದ್ದರು. ಅತ್ತೆಯೂ ಹಂಗೇ ಅಂದರು: "ಅಳಿಯಂದಿರ, ನಮ್ಮ ಕಾಲದಾಗೂ ಹಿಂಗ ಆಗತಿತ್ತು. ಲಿಂಬಿಹಣ್ಣ ನೆಕ್ಕಿದರ ಹೋಗತೈತಿ."

ಪಿತ್ತವೋ ತಂಬಾಕೋ ಅಂತ ಗುರುತಿಸುವುದು ಕಷ್ಟವಲ್ಲ. ತೊಯ್ದ ಎಲೆಯಲ್ಲಿ ಕೆಲಸ ಮಾಡಿದ ದಿನವೇ ಬರುತ್ತದೆ, ಕೆಲಸ ಬಿಟ್ಟರೆ ಹೋಗುತ್ತದೆ, ಮತ್ತೆ ಹೊಲಕ್ಕೆ ಹೋದರೆ ಮತ್ತೆ ಬರುತ್ತದೆ. ನಾನು ಒಂದು ಹಂಗಾಮು ವಹಿಯಲ್ಲಿ ಗುರುತು ಹಾಕಿದೆ. ಹೆಂಡತಿ ಏಳು ಸಲ ವಾಂತಿ ಮಾಡಿದ್ದಳು, ಏಳೂ ಸಲ ಕುಡಿ ಮುರಿದ ದಿನ. ಆಮೇಲೆ ಇಬ್ಬನಿ ಆರಿದ ಮೇಲೆ ಹೊಲಕ್ಕೆ ಇಳಿಯುವುದು, ತುಂಬು ತೋಳಿನ ಅಂಗಿ, ರಬ್ಬರ್ ಕೈಚೀಲ, ಬಂದ ಕೂಡಲೇ ಸಾಬೂನು ಹಚ್ಚಿ ತೊಳೆಯುವುದು ಎಲ್ಲ ಮಾಡಿದೆವು. ಕಡಿಮೆ ಆಯಿತು, ನಿಲ್ಲಲಿಲ್ಲ. ಇಂದಿಗೂ ತಂಬಾಕು ಮಾಡುವವರಿಗೆ ನಾನು ಹೇಳುವುದು ಇಷ್ಟೇ: ಇವಿಷ್ಟನ್ನಾದರೂ ಮಾಡಿರಿ, ಗರ್ಭಿಣಿಯರನ್ನು ಆ ಕೆಲಸಕ್ಕೆ ಕರೆಯಬೇಡಿರಿ.

ಆಗ ಮನಸ್ಸಿಗೆ ಬಂದ ಪ್ರಶ್ನೆ ಸರಳ. ನನ್ನ ರೊಕ್ಕ ಹೆಚ್ಚಾಗಬೇಕಾದರೆ ಜಗತ್ತಿನಲ್ಲಿ ಏನು ಹೆಚ್ಚಾಗಬೇಕು? ಬೀಡಿ ಸೇದುವುದು ಹೆಚ್ಚಾಗಬೇಕು. ಅದರ ಹೊರತು ಆ ಎಲೆಗೆ ನಮ್ಮ ಸಂತೆಯಲ್ಲಿ ಬೇರೆ ಉಪಯೋಗ ಇಲ್ಲ.

ಇಲ್ಲಿ ನನ್ನ ಗೆಳೆಯನೊಬ್ಬ ಕೊಂಕು ತೆಗೆದ: "ನಿನ್ನ ಕಬ್ಬಿನ ಕಾಕಂಬಿಯಿಂದ ದಾರು ಆಗೂದಿಲ್ಲೇನು?" ಆಗತೈತಿ. ಅದೇ ಕಬ್ಬಿನಿಂದ ಸಕ್ಕರೆಯೂ ಆಗುತ್ತದೆ, ಪೆಟ್ರೋಲಿಗೆ ಬೆರೆಸುವ ಇಥೆನಾಲೂ ಆಗುತ್ತದೆ. ನಾಳೆ ಊರೆಲ್ಲ ದಾರು ಬಿಟ್ಟರೂ ನನ್ನ ಕಬ್ಬು ಮಾರಾಟ ಆಗುತ್ತದೆ. ನಾಳೆ ಊರೆಲ್ಲ ಬೀಡಿ ಬಿಟ್ಟರೆ ಆ ಎಲೆ ಮಾರಾಟ ಆಗುವುದಿಲ್ಲ. ಪೂರಾ ಚೊಕ್ಕ ಕೆಲಸ ಯಾವುದೂ ಇಲ್ಲ, ಒಪ್ಪತೇನಿ. ಆದರೆ ಕೆಟ್ಟದ್ದು ಒಂದು ಕೊನೆಗೆ ಅಂಟಿಕೊಂಡ ಕೆಲಸಕ್ಕೂ, ಕೆಟ್ಟದ್ದರಿಂದಲೇ ನಡೆಯುವ ಕೆಲಸಕ್ಕೂ ಫರಕ ಐತಿ. ಈ ಫರಕ ಗುರುತಿಸದಿದ್ದರೆ "ಎಲ್ಲಾ ಅಷ್ಟ ಬಿಡ" ಅಂತ ಯಾವುದನ್ನಾದರೂ ಮಾಡಬಹುದು.

ಇನ್ನು ರೊಕ್ಕದ ಲೆಕ್ಕ. ಇದು ನನ್ನ ಹೊಲದ ಮೂರು ವರ್ಷದ ಸರಾಸರಿ, ನಿಮ್ಮದು ಬೇರೆ ಇರಬಹುದು. ತಂಬಾಕು ಎಕರೆಗೆ 600 ಕಿಲೋ, ಕಿಲೋಕ್ಕೆ 130 ರೂಪಾಯಿ, ಒಟ್ಟು 78 ಸಾವಿರ. ಖರ್ಚು 34 ಸಾವಿರ ತೆಗೆದರೆ ಕೈಗೆ 44 ಸಾವಿರ. ಅದನ್ನು ಬಿಟ್ಟು ಮಾಡಿದ್ದು ಮುಂಗಾರಿಗೆ ಸೋಯಾ, ಅದು ಕೊಯ್ದ ಮೇಲೆ ಹಿಂಗಾರಿಗೆ ಕಡಲೆ. ಸೋಯಾದಲ್ಲಿ ಉಳಿದದ್ದು 17 ಸಾವಿರ, ಕಡಲೆಯಲ್ಲಿ 16 ಸಾವಿರ, ಕೂಡಿ 33 ಸಾವಿರ. ಎಕರೆಗೆ 11 ಸಾವಿರ ಕಡಿಮೆ. ನಾಲ್ಕು ಎಕರೆಗೆ ವರ್ಷಕ್ಕೆ 44 ಸಾವಿರ.

ಆದರೆ ಈ ಲೆಕ್ಕದಲ್ಲಿ ಒಂದು ಕಳ್ಳತನ ಇತ್ತು, ಮಾಡಿದವ ನಾನೇ. ತಂಬಾಕಿನ ಖರ್ಚಿನಲ್ಲಿ ಹೆಂಡತಿ ಮತ್ತು ಅತ್ತೆಯ ಕೂಲಿ ಬರೆದೇ ಇರಲಿಲ್ಲ. ಎಕರೆಗೆ ಅವರದು 45 ಆಳಿನ ಕೆಲಸ. ಸೋಯಾ-ಕಡಲೆಗೆ 20 ಸಾಕು. ಉಳಿದ 25 ಆಳಿಗೆ 250 ರೂಪಾಯಿ ಹಿಡಿದರೂ 6,250 ಆಯಿತು. ಅದನ್ನು ಕಳೆದರೆ ಕಡಿಮೆ ಆಗುವುದು 4,750 ಮಾತ್ರ. ತಂಬಾಕಿನ ಹೆಚ್ಚಿನ ಲಾಭ ಅಂತ ನಾನು ಎಣಿಸುತ್ತಿದ್ದುದರಲ್ಲಿ ಅರ್ಧಕ್ಕಿಂತ ಹೆಚ್ಚು, ಮನೆಯ ಹೆಣ್ಣುಮಕ್ಕಳಿಗೆ ಕೊಡದ ಕೂಲಿಯಾಗಿತ್ತು.

ಹಂಗಂತ ನನಗೆ ನಾನೇ ಮೋಸ ಮಾಡಿಕೊಳ್ಳಬಾರದು. ಆ ಉಳಿದ ದಿನಗಳು ರೊಕ್ಕ ಆಗಬೇಕಾದರೆ ಬೇರೆ ಕಡೆ ದುಡಿಮೆ ಇರಬೇಕು. ಹೆಂಡತಿ ಒಂದು ಎಮ್ಮೆ ಕಟ್ಟಿದಳು, ಹಾಲಿನಿಂದ ಸ್ವಲ್ಪ ತುಂಬಿತು, ಪೂರಾ ತುಂಬಲಿಲ್ಲ. ಹೀಗಾಗಿ ನನ್ನ ಮನಸ್ಸಿನ ಬೆಲೆ ವಹಿಯಲ್ಲಿ ಎಕರೆಗೆ 4,750, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ 11 ಸಾವಿರದ ಆಸುಪಾಸು. ಎರಡೂ ನಿಜ. ಮಗಳ ಫೀ ಕಟ್ಟುವಾಗ ಪಾಸ್‌ಬುಕ್ಕಿನ ಅಂಕಿಯೇ ಎದುರಿಗೆ ನಿಲ್ಲುತ್ತದೆ.

ಅದಕ್ಕೇ ಒಮ್ಮೆಲೇ ಬಿಡಲಿಲ್ಲ, ವರ್ಷಕ್ಕೆ ಒಂದು ಎಕರೆ ಬಿಟ್ಟೆ. ಮೊದಲ ವರ್ಷದ್ದೇ ಕೆಟ್ಟಿತು. ಹಳೇ ಜೆಎಸ್-335 ಸೋಯಾ ಹಾಕಿದ್ದೆ, ಎಲೆಗೆ ತುಕ್ಕು ರೋಗ ಬಂದು ಕಾಳು ಜೊಳ್ಳಾದವು. ಕೃಷ್ಣಾ ತೀರದ ನಮ್ಮ ಸೀಮೆ ಆ ರೋಗಕ್ಕೆ ತವರುಮನೆ. ಉಗಾರ ಖುರ್ದದಲ್ಲಿ ವಿಜ್ಞಾನಿಗಳು ತುಕ್ಕು ತಡೆಯುವ ತಳಿ ಯಾವುದು ಅಂತ ಪರೀಕ್ಷೆ ಮಾಡುತ್ತಾರೆ ಅಂದರೆ ತಿಳಿದುಕೊಳ್ಳಿರಿ. ಮರುವರ್ಷ ಧಾರವಾಡ ವಿಶ್ವವಿದ್ಯಾಲಯದ ಡಿಎಸ್‌ಬಿ-21 ಹಾಕಿದೆ, ಅದು ತುಕ್ಕು ತಡೆಯುವ ತಳಿ, ಹೊಲ ನಿಂತಿತು. ನಾಲ್ಕೂ ಎಕರೆ ಮೊದಲ ವರ್ಷವೇ ಬಿಟ್ಟಿದ್ದರೆ ನಾನು ಸಾಲ ಮಾಡಿ, ಮರುವರ್ಷ ತಂಬಾಕಿಗೇ ಹಿಂದಿರುಗುತ್ತಿದ್ದೆ. ಉಮೇದಿನಿಂದ ಬಿಟ್ಟವರು ಹಂಗೇ ಹಿಂದಿರುಗಿದ್ದನ್ನು ನೋಡಿದ್ದೇನೆ.

ಈಗ ನಾಚಿಕೆಯ ಮಾತು. ಎರಡು ಎಕರೆ ಉಳಿದಾಗ ನನಗೊಂದು ಸುಲಭ ದಾರಿ ಕಂಡಿತು. ಹೊಲವನ್ನು ಲಾವಣಿಗೆ ಕೊಟ್ಟೆ. ತಂಬಾಕು ಹಚ್ಚುವವ ಎಕರೆಗೆ 22 ಸಾವಿರ ಕೊಟ್ಟ, ಬೇರೆ ಪೀಕಿನವರು 14 ಸಾವಿರಕ್ಕಿಂತ ಮೇಲೆ ಬರುತ್ತಿರಲಿಲ್ಲ. ನನ್ನ ಕೈಗೆ ಎಲೆಯ ಅಂಟು ಇಲ್ಲ, ಹೆಂಡತಿಗೆ ವಾಂತಿ ಇಲ್ಲ, ರೊಕ್ಕ ಮಾತ್ರ ಮನೆಗೆ. "ನಾ ತಂಬಾಕ ಬಿಟ್ಟೇನಿ" ಅಂತ ಊರಲ್ಲಿ ಹೇಳಿಕೊಂಡೂ ತಿರುಗಿದೆ. ನವೆಂಬರಿನಲ್ಲಿ ಒಂದು ದಿನ ಲಾವಣಿಯ ಕಂತು ಇಸಕೊಳ್ಳಲು ಹೋದೆ. ಬದುವಿನ ಮೇಲೆ ಒಬ್ಬ ಹೆಣ್ಣುಮಗಳು ತಲೆ ಹಿಡಿದುಕೊಂಡು ಕುಳಿತಿದ್ದಳು, ಸೆರಗೆಲ್ಲ ತೊಯ್ದಿತ್ತು. ಏನಾಗೇತಿ ತಂಗೀ ಅಂದೆ. "ಏನಿಲ್ರಿ ಅಣ್ಣಾರ, ಪಿತ್ತ" ಅಂದಳು.

ಅವತ್ತು ಇಸಕೊಂಡ ರೊಕ್ಕ ಕಿಸೆಯಲ್ಲಿ ಭಾರ ಆಯಿತು ಅಂತ ಬರೆಯುವುದಿಲ್ಲ. ಆ ರೊಕ್ಕದಲ್ಲೇ ಕರೆಂಟ್ ಬಿಲ್ ಕಟ್ಟಿದೆ. ಆದರೆ ಒಂದು ತಿಳಿಯಿತು. ನಾನು ತಂಬಾಕು ಬಿಟ್ಟಿರಲಿಲ್ಲ, ಅದರ ವಾಂತಿಯನ್ನಷ್ಟೇ ಬೇರೆ ಮನೆಗೆ ಲಾವಣಿ ಹಾಕಿದ್ದೆ. ಮರುವರ್ಷದಿಂದ ತಂಬಾಕು ಹಚ್ಚುವಂತಿಲ್ಲ ಅಂತ ಕಾಗದದ ಮೇಲೆ ಬರೆಸಿ 14 ಸಾವಿರಕ್ಕೇ ಕೊಟ್ಟೆ. ಎರಡು ಎಕರೆಗೆ 16 ಸಾವಿರ ಬಿಟ್ಟಂಗಾಯಿತು. ನನ್ನ ಅಭಿಪ್ರಾಯದಲ್ಲಿ ತಾನೇ ಹಚ್ಚುವವ ನನಗಿಂತ ಪ್ರಾಮಾಣಿಕ. ಅವನು ಲಾಭದ ಜೊತೆ ಇಬ್ಬನಿಯನ್ನೂ ತನ್ನ ಮೈಮೇಲೆ ತೆಗೆದುಕೊಳ್ಳುತ್ತಾನೆ.

ವಹಿ ಮುಚ್ಚಿ ಅಳಿಯನಿಗೆ ಹೇಳಿದೆ: "ನೋಡಪಾ, ನಿನಗ ಬಂದ ನೌಕರಿ ನನ್ನ ಲಾವಣಿ ಇದ್ದಂಗ ಐತಿ. ನೀ ಎಲಿ ಮುಟ್ಟೂದಿಲ್ಲ. ನೀ ಕೊಟ್ಟ ಸಲಹೆದಿಂದ ಎಕರೆಗೆ 600 ಕಿಲೋ ಇದ್ದದ್ದು 800 ಆದರ ನಿನ್ನ ಬಡತಿ. ಅದನ್ನ ಮುರಿಯಾಕ ಹೋಗೋರು ಬ್ಯಾರೆ."

ಹುಡುಗ ಸುಮ್ಮನಿರಲಿಲ್ಲ, ಇರಬಾರದು ಕೂಡ. "ಮಾಮಾ, ನಾ ಹೋಗದಿದ್ದರ ಇನ್ನೊಬ್ಬ ಹೋಗತಾನ. ನಾ ಹೋದರ ಕೈಚೀಲ ಹಾಕಸ್ತೇನಿ, ಇಬ್ಬನಿ ಆರಿದ ಮ್ಯಾಲ ಕೆಲಸ ಮಾಡಸ್ತೇನಿ. ಅದು ಛಲೋ ಅಲ್ಲೇನು?"

ಇದು ಪೊಳ್ಳು ಮಾತಲ್ಲ. ಒಳಗಿದ್ದು ಸುಧಾರಿಸುವವರೂ ಬೇಕು. ಆದರೆ ಅದನ್ನು ಪರೀಕ್ಷೆ ಮಾಡುವುದು ಸುಲಭ. ನೌಕರಿಗೆ ಸೇರುವ ಮುಂಚೆಯೇ ಕೇಳಬೇಕು: ನನ್ನ ಕೆಲಸವನ್ನು ಯಾವುದರಿಂದ ಅಳೆಯುತ್ತೀರಿ? ಎಷ್ಟು ಕ್ವಿಂಟಲ್ ಎಲೆ ಬಂತು ಅನ್ನುವುದರಿಂದಲೋ, ಎಷ್ಟು ಮಂದಿಗೆ ಕಾಯಿಲೆ ತಪ್ಪಿತು ಅನ್ನುವುದರಿಂದಲೋ? ಕೈಚೀಲಕ್ಕೆ ಬೇರೆ ರೊಕ್ಕ ತೆಗೆದಿಟ್ಟಿದ್ದೀರಾ? ಇದ್ದರೆ ಎಷ್ಟು? ಉತ್ತರ ಬರೀ ಕ್ವಿಂಟಲ್ ಆದರೆ, ಕೈಚೀಲ ನಿನ್ನ ಸಮಾಧಾನಕ್ಕಷ್ಟೇ, ಮೊದಲ ವರ್ಷದ ಟಾರ್ಗೆಟ್ ಬಂದ ಕೂಡಲೇ ಅದು ಮೂಲೆ ಸೇರುತ್ತದೆ.

ಆಮೇಲೆ ಅವನು ನಿಜವಾದ ಕಾರಣ ಹೇಳಿದ. ಮನೆಯಲ್ಲಿ ಅವರಪ್ಪ ಬೋರ್‌ವೆಲ್ಲಿಗೆ ಮಾಡಿದ ಸಾಲ ಮೂರು ಲಕ್ಷ ಇದೆ. ಎರಡು ಬೋರೂ ಫೇಲ್. ಇದನ್ನು ನಾನು ಹಗುರ ಮಾಡುವುದಿಲ್ಲ. ಸಾಲ ಇರುವ ಮನೆಯ ಹುಡುಗನಿಗೆ "ಮನಸ್ಸಿನ ಮಾತು ಕೇಳು" ಅನ್ನುವುದು ಸುಲಭ, ಬಡ್ಡಿ ಕಟ್ಟುವವರು ಅವರು.

ಅಲ್ಲೇ ಕಾಗದದ ಮೇಲೆ ಲೆಕ್ಕ ಹಾಕಿದೆವು. ಎರಡು ನೌಕರಿಯ ನಡುವಿನ ಫರಕ ತಿಂಗಳಿಗೆ 20 ಸಾವಿರ. ಅದಷ್ಟನ್ನೂ ಸಾಲಕ್ಕೇ ಹಾಕಿದರೆ 15 ತಿಂಗಳಿಗೆ ಮೂರು ಲಕ್ಷ, ಬಡ್ಡಿ ಹಿಡಿದರೆ ಇನ್ನೊಂದು ಮೂರು ನಾಲ್ಕು ತಿಂಗಳು. ಇದು ನಿನ್ನ ಮನಸ್ಸಿನ ಬೆಲೆ, ಒಂದೂವರೆ ವರ್ಷ ಅಂದೆ. 22 ಸಾವಿರದ ನೌಕರಿಗೆ ಹೋದರೆ ಅದೇ ಸಾಲ ನಾಲ್ಕೈದು ವರ್ಷ ಎಳೆಯುತ್ತದೆ. ಆ ಭಾರ ಹೊರುವವರು ನಿಮ್ಮ ಅಪ್ಪ-ಅವ್ವ. ಮೊದಲು ಅವರ ಮುಂದೆ ಕುಳಿತು ಈ ಎರಡೂ ಅಂಕಿ ಹೇಳು. ಬೇರೆಯವರ ಹೆಗಲ ಮೇಲಿನ ಭಾರಕ್ಕೆ ಅವರನ್ನು ಕೇಳದೇ ನೀನೊಬ್ಬನೇ ತೀರ್ಮಾನ ಮಾಡಬಾರದು.

ನನ್ನ ಮತ ಕೇಳಿದರೆ, ಸಂಘದ ನೌಕರಿಗೇ ಹೋಗಬೇಕು. ನಿಪ್ಪಾಣಿ ಸೀಮೆಯಲ್ಲಿ ಇವತ್ತು ಕೊರತೆ ಇರುವುದು ತಂಬಾಕಿಗೆ ಸಲಹೆ ಕೊಡುವವರದ್ದಲ್ಲ. 2015-16ರಿಂದ ತಂಬಾಕು ಬಿಟ್ಟು ಬೇರೆ ಪೀಕಿಗೆ ಹೋಗುವ ರೈತರಿಗೆ ಅಂತ ಕೇಂದ್ರದ ಬೆಳೆ ವೈವಿಧ್ಯೀಕರಣ ಯೋಜನೆಯಲ್ಲಿ ಕರ್ನಾಟಕವೂ ಸೇರಿದೆ. ಆದರೆ ಬಿಟ್ಟವನಿಗೆ ಮೊದಲ ವರ್ಷ ತುಕ್ಕು ರೋಗ ಬಂದಾಗ ಹೊಲಕ್ಕೆ ಬಂದು ನಿಲ್ಲುವವರು ಬೇಕಲ್ಲ. ನನಗೆ ಆಗ ಅಂಥವನೊಬ್ಬ ಸಿಕ್ಕಿದ್ದರೆ ಒಂದು ಹಂಗಾಮು ಉಳಿಯುತ್ತಿತ್ತು. ಕಲಿತ ವಿದ್ಯೆ ಅದೇ, ಅದು ಏನನ್ನು ಹೆಚ್ಚು ಮಾಡುತ್ತದೆ ಅನ್ನುವುದು ಬೇರೆ.

ಆದರೂ ಸಾಲಕ್ಕಾಗಿ ಹೋಗಲೇಬೇಕಾದರೆ ಒಂದು ಕಟ್ಟು ಹಾಕಿಕೋ ಅಂದೆ. ನಾನು "ಇನ್ನೊಂದ ವರ್ಷ ಅಷ್ಟ" ಅಂತ ಮೂರು ಸಲ ಅಂದವ. ಆ ಮೂರೂ ಸಲ ಆದದ್ದು ಒಂದೇ. ತಂಬಾಕಿನ ಹೆಚ್ಚಿನ ರೊಕ್ಕ ಮನೆಗೆ ಬಂತು, ಮನೆ ಅದಕ್ಕೆ ತಕ್ಕಂತೆ ಹಿಗ್ಗಿತು, ಗಾಡಿಯ ಕಂತು ಬಂತು. ಕಂತು ಇದ್ದವನಿಗೆ ಬಿಡುವುದು ಆಗುವುದಿಲ್ಲ. ಅದಕ್ಕೆ ಆ 20 ಸಾವಿರ ನಿನ್ನ ಕೈಗೆ ಬರಲೇಬಾರದು, ಪಗಾರ ಆದ ದಿನವೇ ಸಾಲದ ಖಾತೆಗೆ ಹೋಗಬೇಕು. ನೀನು 22 ಸಾವಿರದವನ ಹಾಗೆಯೇ ಬದುಕಬೇಕು. ಸಾಲ ತೀರುವ ತಿಂಗಳನ್ನು ಇವತ್ತೇ ಬರೆದು ಅವ್ವನ ಕೈಗೆ ಕೊಡಬೇಕು. ಆ ಮಧ್ಯೆ ಹೊಸ ಗಾಡಿಯ ಕಂತು ಶುರು ಆಯಿತು ಅಂದರೆ, ಕಟ್ಟು ಹರಿಯಿತು ಅಂತ ತಿಳಿ, ನನಗೆ ಫೋನ್ ಹಚ್ಚು.

ಹುಡುಗ ಕಾಗದ ಮಡಚಿ ಕಿಸೆಯಲ್ಲಿಟ್ಟುಕೊಂಡ. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಹೊರಡುವಾಗ ನನ್ನ ಹೆಂಡತಿ ಒಳಗಿನಿಂದ ಸಜ್ಜಕದ ಡಬ್ಬಿ ತಂದು ಕೊಟ್ಟಳು. ಅಷ್ಟು ಹೊತ್ತು ಏನೂ ಮಾತಾಡದೇ ಕೇಳುತ್ತಿದ್ದವಳು ಒಂದೇ ಮಾತು ಕೇಳಿದಳು: "ಆ ಕಂಪನ್ಯಾಗ ಕುಡಿ ಮುರಿಯಾಕ ಹೋಗೋ ಹೆಣ್ಣಮಕ್ಕಳಿಗೆ ದಿನಕ್ಕ ಎಷ್ಟ ಕೊಡತಾರಂತ ಕೇಳಿ ಬಾರೋ."

ಅವನಿಗೆ ಗೊತ್ತಿರಲಿಲ್ಲ. ಕೇಳಿ ಬರತೇನಿ ಅತ್ತೀ ಅಂದ. ಗುರುವಾರ ಅವನಿಗೆ ಕಂಪನಿಯವರು ಮತ್ತೆ ಕರೆದಿದ್ದಾರೆ.

ಸದ್ಯಕ್ಕೆ ಇಷ್ಟು. ನಾಳೆ ಕಡಲೆಗೆ ಕುಡಿ ಚಿವುಟುವ ಕೆಲಸ ಐತಿ. ಅದು ಚಿವುಟಿದ ಕುಡಿಯನ್ನು ಪಲ್ಯ ಮಾಡಿ ಉಣ್ಣಬಹುದು.